ಚಿತ್ರದ ಹಿಂದಿನ ಮೂರು ಮಾತು: ಕ್ಯಾಪ್ಶನ್, ಆಲ್ಟ್, ಟೈಟಲ್

ಕಳೆದ ರಾಜ್ಯೋತ್ಸವದ ಹಿಂದಿನ ದಿನ ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ದಾಗ ನಮ್ಮ ಸಂಘದ ಜೂನಿಯರ್ ಒಬ್ಬ ಕೇಳಿದ: "ಅಣ್ಣ, ನಾಳೆ ಕಾರ್ಯಕ್ರಮ ಎಷ್ಟು ಗಂಟೆಗೆ? ಯಾವ ಹಾಲ್‌ನಲ್ಲಿ?"

"ಪೇಜಲ್ಲಿ ಪೋಸ್ಟರ್ ಹಾಕಿದೀವಲ್ಲೋ, ಮೂರು ದಿನ ಆಯ್ತು" ಅಂದ್ವಿ.

"ನೋಡ್ದೆ ಅಣ್ಣ. ಅದ್ರಲ್ಲಿ 'ಲಿಂಕ್, ಪೋಸ್ಟರ್ ಫೈನಲ್ ತ್ರೀ' ಅಂತ ಇದೆ. ಅಷ್ಟೇ."

ಅವನಿಗೆ ದೃಷ್ಟಿ ತುಂಬಾ ಕಡಿಮೆ. ಲ್ಯಾಪ್‌ಟಾಪ್‌ನಲ್ಲಿ NVDA ಅನ್ನೋ ಉಚಿತ ಸ್ಕ್ರೀನ್ ರೀಡರ್ ಹಾಕಿಕೊಂಡಿದ್ದಾನೆ. ಪರದೆಯ ಮೇಲೆ ಇರೋದನ್ನ ಅದು ಓದಿ ಹೇಳುತ್ತೆ, ಅವನು ಕೇಳಿಸಿಕೊಳ್ತಾನೆ. ನಾವು ಎರಡು ರಾತ್ರಿ ಕೂತು ಮಾಡಿದ್ದ ಪೋಸ್ಟರ್‌ನಲ್ಲಿ ದಿನಾಂಕ, ಸಮಯ, ಜಾಗ, ಸಂಪರ್ಕದ ನಂಬರ್ ಎಲ್ಲಾ ಇತ್ತು. ಆದರೆ ಅವನಿಗೆ ಸಿಕ್ಕಿದ್ದು ನಮ್ಮ ಫೈಲಿನ ಹೆಸರು ಮಾತ್ರ: `poster_final_3.jpg`.

ಆ ಸಂಜೆ ನಾವು ನಾಲ್ಕು ಜನ ಅವನ ಪಕ್ಕ ಕೂತು, ನಮ್ಮದೇ ಪುಟವನ್ನ ಮೊದಲ ಸಲ ಕಿವಿಯಿಂದ ಓದಿದ್ವಿ. ಅಲ್ಲಿ ಕಲಿತದ್ದನ್ನ ಇಲ್ಲಿ ಬರೀತಿದೀವಿ. ನಿಮ್ಮಲ್ಲಿ ಫೆಸ್ಟ್ ಪುಟವನ್ನೋ, ಪ್ರಾಜೆಕ್ಟ್ ಪುಟವನ್ನೋ, ಪೋರ್ಟ್‌ಫೋಲಿಯೋವನ್ನೋ ಮಾಡದೇ ಇರೋರು ಕಮ್ಮಿ. ಚಿತ್ರ ಹಾಕುವಾಗ ಬರುವ ಮೂರು ಖಾಲಿ ಪೆಟ್ಟಿಗೆಗಳಲ್ಲಿ ಯಾವುದಕ್ಕೆ ಏನು ಬರೀಬೇಕು, ಯಾವುದನ್ನ ಬಿಟ್ಟರೆ ನಷ್ಟವಿಲ್ಲ ಅನ್ನೋದೇ ವಿಷಯ.

ಒಂದು ಫೋಟೋ, ಮೂರು ಮಾತು

ಡೊಳ್ಳು ಕುಣಿತದ ಒಂದು ಫೋಟೋ ತಗೊಳ್ಳೋಣ. ಮೂರನ್ನೂ ಹಾಕಿದರೆ ಕೋಡ್ ಹೀಗಿರುತ್ತೆ:

```html
<figure>
  <img src="dollu.jpg"
       alt="ಅರ್ಧವೃತ್ತದಲ್ಲಿ ನಿಂತ ಎಂಟು ವಿದ್ಯಾರ್ಥಿನಿಯರು
            ಡೊಳ್ಳು ಬಾರಿಸುತ್ತಾ ಒಟ್ಟಿಗೆ ಜಿಗಿದಿದ್ದಾರೆ"
       title="ಡೊಳ್ಳು ಕುಣಿತ">
  <figcaption>ರಾಜ್ಯೋತ್ಸವದ ಸಂಜೆ ಬಯಲು ರಂಗಮಂದಿರದಲ್ಲಿ
    ಮೆಕ್ಯಾನಿಕಲ್ ವಿಭಾಗದ ತಂಡ</figcaption>
</figure>
```

`figcaption` ಒಳಗಿರೋದು ಕ್ಯಾಪ್ಶನ್. ಅದು ಚಿತ್ರದ ಕೆಳಗೆ ಎಲ್ಲರಿಗೂ ಕಾಣುವ ಸಾಲು. ಚಿತ್ರ ಕಾಣುವವರಿಗೂ ಗೊತ್ತಾಗದೇ ಇರೋದನ್ನ ಅದು ಹೇಳಬೇಕು: ಯಾರು, ಎಲ್ಲಿ, ಯಾವಾಗ, ಯಾಕೆ. ಮುಖ ನೋಡಿದ ಮಾತ್ರಕ್ಕೆ ಅದು ಮೆಕ್ಯಾನಿಕಲ್ ವಿಭಾಗದ ತಂಡ ಅಂತ ಹೊರಗಿನವರಿಗೆ ತಿಳಿಯೋದಿಲ್ಲವಲ್ಲ.

`alt` ಒಳಗಿರೋದು ಆಲ್ಟ್ ಟೆಕ್ಸ್ಟ್. ಇದು ಚಿತ್ರದ ಜೊತೆಗೆ ಬರೋದಲ್ಲ, ಚಿತ್ರದ ಬದಲಿಗೆ ಬರೋದು. ಚಿತ್ರ ಕಾಣದವರಿಗೆ ಸ್ಕ್ರೀನ್ ರೀಡರ್ ಇದನ್ನ ಓದುತ್ತೆ. ನೆಟ್‌ವರ್ಕ್ ಕೈಕೊಟ್ಟು ಚಿತ್ರ ಬರದೇ ಹೋದರೆ ಆ ಜಾಗದಲ್ಲಿ ಬ್ರೌಸರ್ ಇದನ್ನೇ ತೋರಿಸುತ್ತೆ. ಕಣ್ಣಿಗೆ ಕಂಡದ್ದನ್ನ ಮಾತಲ್ಲಿ ಇಡೋದು ಇದರ ಕೆಲಸ.

`title` ಅಂದ್ರೆ ಮೌಸ್ ತಗೊಂಡು ಹೋಗಿ ಚಿತ್ರದ ಮೇಲೆ ಒಂದು ಕ್ಷಣ ನಿಲ್ಲಿಸಿದಾಗ ಬರುವ ಪುಟ್ಟ ಚೀಟಿ. ಇದರ ಕಥೆಗೆ ಆಮೇಲೆ ಬರ್ತೀವಿ.

ಮೇಲಿನ ಉದಾಹರಣೆಯಲ್ಲಿ ಆಲ್ಟ್ ಮತ್ತು ಕ್ಯಾಪ್ಶನ್ ಬೇರೆ ಬೇರೆ ಮಾತು ಹೇಳ್ತಿವೆ ಅನ್ನೋದನ್ನ ಗಮನಿಸಿ. ನಮ್ಮ ಪುಟದಲ್ಲಿ ಹಾಗಿರಲಿಲ್ಲ. ಕ್ಯಾಪ್ಶನ್ ಬರೆದವನು ಅದನ್ನೇ ಕಾಪಿ ಮಾಡಿ ಆಲ್ಟ್‌ಗೂ ಅಂಟಿಸಿದ್ದ. ಸ್ಕ್ರೀನ್ ರೀಡರ್ ಚಿತ್ರ ಬಂದಾಗ ಆಲ್ಟ್ ಓದುತ್ತೆ, ಮುಂದಕ್ಕೆ ಹೋಗಿ ಕ್ಯಾಪ್ಶನ್ನನ್ನೂ ಓದುತ್ತೆ. ಹಾಗಾಗಿ "ಮೆಕ್ಯಾನಿಕಲ್ ವಿಭಾಗದ ತಂಡ, ಮೆಕ್ಯಾನಿಕಲ್ ವಿಭಾಗದ ತಂಡ" ಅಂತ ಎರಡೆರಡು ಸಲ ಕೇಳಿಸಿತು. ಡೊಳ್ಳು ಅನ್ನೋ ಪದ ಮಾತ್ರ ಒಂದು ಸಲವೂ ಬರಲಿಲ್ಲ. "ಏನ್ ತಂಡ ಅಣ್ಣ, ಕ್ರಿಕೆಟ್ಟಾ?" ಅಂತ ಕೇಳಿದ ಅವನು.

ಪುಟದಲ್ಲಿದ್ದ ಉಳಿದ ಚಿತ್ರಗಳು

ಪೋಸ್ಟರ್‌ಗೆ ಆಲ್ಟ್ ಇರಲೇ ಇಲ್ಲ. ಜೊತೆಗೆ, ಒತ್ತಿದರೆ ದೊಡ್ಡದಾಗಿ ತೆರೆಯಲಿ ಅಂತ ಅದನ್ನ ಒಂದು ಲಿಂಕ್ ಒಳಗೆ ಇಟ್ಟಿದ್ವಿ. ಲಿಂಕ್ ಅಂದ ಮೇಲೆ ಅದಕ್ಕೊಂದು ಹೆಸರು ಬೇಕು. ಒಳಗೆ ಪಠ್ಯ ಇಲ್ಲ, ಚಿತ್ರಕ್ಕೆ ಆಲ್ಟ್ ಇಲ್ಲ. ಬೇರೆ ಗತಿ ಇಲ್ಲದೆ ಸ್ಕ್ರೀನ್ ರೀಡರ್ ವಿಳಾಸದ ಬಾಲವನ್ನೇ ಹೆಸರು ಅಂತ ಓದಿತು. 'ಪೋಸ್ಟರ್ ಫೈನಲ್ ತ್ರೀ' ಬಂದದ್ದು ಅಲ್ಲಿಂದ.

ಸರಿ, ಪೋಸ್ಟರ್‌ನಲ್ಲಿರೋ ಅಷ್ಟನ್ನೂ ಆಲ್ಟ್‌ಗೆ ತುಂಬಿಬಿಡೋಣ ಅಂತ ನಮ್ಮಲ್ಲೊಬ್ಬ ಟೈಪ್ ಮಾಡೋಕೆ ಶುರುಮಾಡಿದ. ಹದಿನೈದು ಸಾಲಾಯ್ತು. ಅದೂ ಸರಿಯಾದ ದಾರಿಯಲ್ಲ. ಆಲ್ಟ್ ಒಳಗೆ ಪ್ಯಾರಾ ಇರಲ್ಲ, ತಲೆಬರಹ ಇರಲ್ಲ, ಲಿಂಕ್ ಇರಲ್ಲ. ಹದಿನೈದು ಸಾಲು ಒಂದೇ ಉಸಿರಿನ ವಾಕ್ಯವಾಗಿ ಬರುತ್ತೆ. ಅದರಲ್ಲಿರೋ ಫೋನ್ ನಂಬರನ್ನ ಯಾರೂ ಒತ್ತಿ ಕರೆ ಮಾಡೋಕಾಗಲ್ಲ. ಕಣ್ಣಿದ್ದವರಿಗೂ ಪೋಸ್ಟರ್‌ನಲ್ಲಿರೋ ನಂಬರ್ ಕಾಪಿ ಆಗಲ್ಲ, ಸಣ್ಣ ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಬೇಕು. ಆದ್ದರಿಂದ ದಿನಾಂಕ, ಸಮಯ, ಜಾಗ, ನಂಬರ್ ಇಷ್ಟನ್ನೂ ಪೋಸ್ಟರ್‌ನ ಕೆಳಗೆ ಮಾಮೂಲಿ ಪಠ್ಯವಾಗಿ ಬರೆದ್ವಿ. ಆಲ್ಟ್ ಚಿಕ್ಕದಾಯ್ತು: "ರಾಜ್ಯೋತ್ಸವದ ಪೋಸ್ಟರ್, ವಿವರಗಳು ಕೆಳಗಿವೆ. ದೊಡ್ಡದಾಗಿ ತೆರೆಯಿರಿ." ಲಿಂಕ್ ಒಳಗಿರೋ ಚಿತ್ರಕ್ಕೆ ಆಲ್ಟ್ ಬರೆಯುವಾಗ, ಒತ್ತಿದರೆ ಏನಾಗುತ್ತೆ ಅನ್ನೋದೂ ಅದರಲ್ಲಿ ಇರಬೇಕು.

ಎರಡನೆಯದು, ಪುಟದ ಮೇಲೂ ಕೆಳಗೂ ಓಡುವ ಹಳದಿ-ಕೆಂಪು ಪಟ್ಟಿ. ಅದಕ್ಕೆ ನಾವು "ಹಳದಿ ಕೆಂಪು ಬಣ್ಣದ ಅಲಂಕಾರಿಕ ಪಟ್ಟಿ" ಅಂತ ಆಲ್ಟ್ ಹಾಕಿದ್ವಿ, ಒಳ್ಳೇ ಕೆಲಸ ಮಾಡಿದೀವಿ ಅಂದುಕೊಂಡು. ಐದು ಕಡೆ ಆ ಪಟ್ಟಿ ಇತ್ತು. ಐದು ಸಲವೂ ಅದು ಓದಿತು. ಬರೀ ಅಂದಕ್ಕೆ ಇರುವ ಚಿತ್ರಕ್ಕೆ ಆಲ್ಟ್ ಖಾಲಿ ಇರಬೇಕು: `alt=""`. ಖಾಲಿ ಇಡೋದು ಬೇರೆ, ಬರೆಯದೇ ಬಿಡೋದು ಬೇರೆ. ಖಾಲಿ ಆಲ್ಟ್ ಅಂದ್ರೆ "ಇದನ್ನ ದಾಟಿ ಹೋಗು" ಅನ್ನೋ ಸ್ಪಷ್ಟ ಸೂಚನೆ. ಆಲ್ಟ್ ಅನ್ನೇ ಬರೆಯದಿದ್ದರೆ ಚಿತ್ರಕ್ಕೆ ಅರ್ಥ ಇದೆಯೋ ಇಲ್ಲವೋ ಅನ್ನೋದು ಯಂತ್ರಕ್ಕೆ ಗೊತ್ತಾಗಲ್ಲ. ಆಗ ಒಂದು ಸ್ಕ್ರೀನ್ ರೀಡರ್ ಸುಮ್ಮನಿರುತ್ತೆ, ಇನ್ನೊಂದು 'ಗ್ರಾಫಿಕ್' ಅನ್ನುತ್ತೆ, ಮತ್ತೊಂದು ಫೈಲಿನ ಹೆಸರು ಓದುತ್ತೆ.

ಆಲ್ಟ್‌ಗೆ ಒಂದೇ ಸರಿಯುತ್ತರ ಅಂತ ಇಲ್ಲ ಅನ್ನೋದೂ ಅವತ್ತೇ ಗೊತ್ತಾಯ್ತು. ಅದೇ ಡೊಳ್ಳಿನ ಫೋಟೋವನ್ನ ನಾಳೆ ಡೊಳ್ಳು ವಾದ್ಯದ ರಚನೆಯ ಬಗೆಗಿನ ಲೇಖನಕ್ಕೆ ಹಾಕ್ತೀವಿ ಅಂದುಕೊಳ್ಳಿ. ಅಲ್ಲಿ ಎಂಟು ಜನ ಜಿಗಿದದ್ದು ಮುಖ್ಯ ಅಲ್ಲ. "ಸೊಂಟದ ಮುಂದೆ ಅಡ್ಡವಾಗಿ ಕಟ್ಟಿದ ಡೊಳ್ಳು, ಎರಡೂ ಬದಿಯ ಚರ್ಮವನ್ನು ಹಗ್ಗದಿಂದ ಬಿಗಿಯಲಾಗಿದೆ" ಅಂತ ಬರೀಬೇಕು. ಚಿತ್ರ ಅಲ್ಲಿ ಯಾಕಿದೆ ಅನ್ನೋದು ಆಲ್ಟ್ ಅನ್ನ ತೀರ್ಮಾನಿಸುತ್ತೆ. ಇನ್ನು, "ಇದು ಒಂದು ಚಿತ್ರ" ಅಂತ ಶುರುಮಾಡೋದು ಬೇಡ. ಅದು ಚಿತ್ರ ಅನ್ನೋದನ್ನ ಸ್ಕ್ರೀನ್ ರೀಡರ್ ತಾನೇ ಹೇಳುತ್ತೆ.

ಟೈಟಲ್ ಯಾಕೆ ಲೆಕ್ಕಕ್ಕಿಲ್ಲ

ಈಗ ಟೈಟಲ್ ಕಥೆ. ನಮ್ಮ ಪುಟದಲ್ಲಿ ಅತಿ ಹೆಚ್ಚು ಶ್ರದ್ಧೆಯಿಂದ ತುಂಬಿದ್ದದ್ದು ಅದನ್ನೇ. ಮೌಸ್ ಇಟ್ಟಾಗ ಚೀಟಿ ಬರೋದು ನೋಡೋಕೆ ಚೆಂದ, "ಕೆಲಸ ಮಾಡ್ತಿದೆ" ಅನ್ನಿಸುತ್ತೆ. ಆದರೆ ಆ ಚೀಟಿ ಬರಬೇಕಾದ್ರೆ ಮೌಸ್ ಬೇಕು. ಮೊಬೈಲಿನಲ್ಲಿ ಬೆರಳನ್ನ ಚಿತ್ರದ ಮೇಲೆ 'ತೇಲಿಸೋಕೆ' ಆಗಲ್ಲ, ಹಾಗಾಗಿ ಚೀಟಿ ಇಲ್ಲ. ಟ್ಯಾಬ್ ಕೀ ಒತ್ತುತ್ತಾ ಕೀಬೋರ್ಡಿನಿಂದ ಓಡಾಡುವವರಿಗೂ ಪ್ರಮುಖ ಬ್ರೌಸರ್‌ಗಳು ಅದನ್ನ ತೋರಿಸಲ್ಲ. ನಮ್ಮ ಪುಟವನ್ನ ಕ್ಯಾಂಪಸ್ಸಿನಲ್ಲಿ ಮೊಬೈಲ್ ಬಿಟ್ಟು ಬೇರೆಯದರಲ್ಲಿ ನೋಡೋರು ಎಷ್ಟು ಜನ, ನೀವೇ ಹೇಳಿ.

ಸ್ಕ್ರೀನ್ ರೀಡರ್‌ಗಾದ್ರೂ ಉಪಯೋಗ ಆಗುತ್ತಾ? ಬ್ರೌಸರ್ ಒಂದು ಚಿತ್ರಕ್ಕೆ ಹೆಸರು ಹುಡುಕುವಾಗ ಒಂದು ಸಾಲು ಹಿಡಿಯುತ್ತೆ. `aria-label` ಥರದ್ದು ಇದ್ದರೆ ಮೊದಲು ಅದು, ಇಲ್ಲವಾದರೆ ಆಲ್ಟ್, ಅದೂ ಇಲ್ಲವಾದರೆ ಟೈಟಲ್. ಅಂದ್ರೆ ಆಲ್ಟ್ ಮರೆತಾಗ ಟೈಟಲ್ ಬದಲಿ ಆಟಗಾರನ ಥರ ಇಳಿಯುತ್ತೆ. ಆಲ್ಟ್ ಇದ್ದಾಗ ಟೈಟಲ್ 'ಹೆಚ್ಚುವರಿ ವಿವರಣೆ' ಆಗಿ ಹಿಂದೆ ಸರಿಯುತ್ತೆ. ಅದನ್ನ ಓದೋದೋ ಬಿಡೋದೋ ಅನ್ನೋದು ಆಯಾ ಸ್ಕ್ರೀನ್ ರೀಡರ್ ಮತ್ತು ಅದರ ಸೆಟ್ಟಿಂಗ್‌ಗೆ ಬಿಟ್ಟದ್ದು. ಓದಿದರೆ ಕೇಳುಗನಿಗೆ ಇನ್ನೊಂದು ಪುನರಾವರ್ತನೆ, ಓದದಿದ್ದರೆ ನೀವು ಬರೆದದ್ದು ವ್ಯರ್ಥ. ಟೈಟಲ್ ಮೇಲೆ ಅವಲಂಬಿಸಬೇಡಿ ಅಂತ HTML ಮಾನದಂಡದಲ್ಲೇ ಬರೆದಿದೆ.

ಒಂದು ಜಾಗದಲ್ಲಿ ಮಾತ್ರ ಟೈಟಲ್ ನಿಜವಾಗಿ ಬೇಕು, ಆದರೆ ಅದು ಚಿತ್ರಕ್ಕಲ್ಲ. ಯೂಟ್ಯೂಬ್ ವಿಡಿಯೋವನ್ನ ಪುಟದಲ್ಲಿ ಕೂರಿಸುವಾಗ `iframe` ಬಳಸ್ತೀವಲ್ಲ, ಅದಕ್ಕೆ `alt` ಇಲ್ಲ. ಆ ಚೌಕಟ್ಟಿನ ಹೆಸರು ಅದರ `title`. ಅಲ್ಲಿ "ಡೊಳ್ಳು ಕುಣಿತದ ವಿಡಿಯೋ" ಅಂತ ಬರೆಯೋದು ಸರಿ.

ಹುಡುಕಾಟದಲ್ಲಿ ಯಾವುದಕ್ಕೆ ಬೆಲೆ

"ಎಸ್‌ಇಒಗೆ ಟೈಟಲ್ ಹಾಕ್ಬೇಕು" ಅನ್ನೋ ಮಾತನ್ನ ನಾವೂ ಕೇಳಿದ್ವಿ. ಗೂಗಲ್ ತನ್ನ ಚಿತ್ರಗಳ ಮಾರ್ಗದರ್ಶಿಯಲ್ಲಿ ಹೇಳೋದು ಹೀಗಿದೆ: ಚಿತ್ರದ ವಿಷಯ ಏನು ಅನ್ನೋದನ್ನ ಅದು ಪುಟದ ಪಠ್ಯದಿಂದ, ಕ್ಯಾಪ್ಶನ್ ಮತ್ತು ಚಿತ್ರದ ಶೀರ್ಷಿಕೆಯಿಂದಲೂ, ಗ್ರಹಿಸುತ್ತೆ. ಆದರೆ ಚಿತ್ರದ ಬಗ್ಗೆ ಮಾಹಿತಿ ಕೊಡುವ ಗುಣಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಆಲ್ಟ್. ಆಲ್ಟ್ ಅನ್ನ ಪುಟದ ಪಠ್ಯದ ಜೊತೆ, ಕಂಪ್ಯೂಟರ್ ವಿಷನ್ ಜೊತೆ ಸೇರಿಸಿ ಅದು ಚಿತ್ರವನ್ನ ಅರ್ಥಮಾಡಿಕೊಳ್ಳುತ್ತೆ. ಫೈಲಿನ ಹೆಸರಿನಿಂದಲೂ ಚೂರು ಸುಳಿವು ಸಿಗುತ್ತೆ, ಆದ್ದರಿಂದ `IMG_2041.jpg`ಗಿಂತ `dollu-kunitha.jpg` ಒಳ್ಳೇದು.

ಇದನ್ನ ಬಿಡಿಸಿ ನೋಡಿದರೆ ಎರಡು ಬೇರೆ ಬೇರೆ ಬೆಲೆ ಕಾಣುತ್ತೆ. ಕ್ಯಾಪ್ಶನ್ ಅನ್ನೋದು ಪುಟದ ಮಾಮೂಲಿ ಪಠ್ಯ. ಯಾರಾದರೂ "ಮೆಕ್ಯಾನಿಕಲ್ ವಿಭಾಗ ಡೊಳ್ಳು ಕುಣಿತ" ಅಂತ ಹುಡುಕಿದಾಗ ಉಳಿದ ಪ್ಯಾರಾಗಳಂತೆ ಅದೂ ಲೆಕ್ಕಕ್ಕೆ ಬರುತ್ತೆ. ಆಲ್ಟ್‌ನ ಬಲ ಹೆಚ್ಚಾಗಿ ಚಿತ್ರಗಳ ಹುಡುಕಾಟದಲ್ಲಿ. ಚಿತ್ರ ಲಿಂಕ್ ಒಳಗಿದ್ದರೆ ಆಲ್ಟ್ ಆ ಲಿಂಕಿನ ಪಠ್ಯದ ಕೆಲಸವನ್ನೂ ಮಾಡುತ್ತೆ. ಅಂದ್ರೆ ನಮ್ಮ ಜೂನಿಯರ್‌ಗೆ ಆಗಿದ್ದ ನಷ್ಟವೇ ಸರ್ಚ್ ಎಂಜಿನ್‌ಗೂ ಆಗಿತ್ತು. ಎರಡಕ್ಕೂ ಆ ಲಿಂಕ್ 'ಪೋಸ್ಟರ್ ಫೈನಲ್ ತ್ರೀ' ಮಾತ್ರ.

ಹಾಗಂತ ಆಲ್ಟ್ ಒಳಗೆ "ರಾಜ್ಯೋತ್ಸವ, ಕನ್ನಡ ರಾಜ್ಯೋತ್ಸವ, ಕಾಲೇಜು ರಾಜ್ಯೋತ್ಸವ, ರಾಜ್ಯೋತ್ಸವ ಫೋಟೋ" ಅಂತ ಪದ ತುರುಕಬೇಡಿ. ಹಾಗೆ ಮಾಡಿದರೆ ಪುಟ ಸ್ಪ್ಯಾಮ್ ಥರ ಕಾಣಬಹುದು ಅಂತ ಗೂಗಲ್ಲೇ ಎಚ್ಚರಿಸುತ್ತೆ. ಕಿವಿಯಿಂದ ಕೇಳುವವನಿಗೆ ಅದೆಷ್ಟು ಕಿರಿಕಿರಿ ಅಂತ ನಾವು ಅವತ್ತು ಕಣ್ಣಾರೆ ಕಂಡ್ವಿ. ಕಾಣದವನಿಗೆ ಸರಿಯಾಗಿ ಹೇಳುವ ಒಂದು ವಾಕ್ಯ ಸರ್ಚ್‌ಗೂ ಸಾಕು.

ಯಾರಿಗೂ ಕಾಣದ ನುಡಿ ಸಮಸ್ಯೆ

ಒಂದು ತಪ್ಪು ನಮ್ಮಂಥ ಕನ್ನಡ ಪುಟಗಳಿಗೇ ಮೀಸಲು. ಹಳೆಯ ಸಂಚಿಕೆಯ ಒಂದು ಚಿತ್ರದ ಹತ್ತಿರ ಬಂದಾಗ ಸ್ಕ್ರೀನ್ ರೀಡರ್ ವಿಚಿತ್ರವಾಗಿ ತೊದಲಿತು. ಕೋಡ್ ತೆಗೆದು ನೋಡಿದರೆ ಹೀಗಿತ್ತು:

```html
<img src="karyakrama.jpg" alt="PÀ£ÀßqÀ">
```

ಮುದ್ರಣಕ್ಕೆ ಕೊಡೋಕೆ ಅಂತ ಕಾರ್ಯಕ್ರಮದ ಪಟ್ಟಿಯನ್ನ ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಯಾರೋ ಅದರಿಂದ ಕಾಪಿ ಮಾಡಿ ಆಲ್ಟ್‌ಗೆ ಅಂಟಿಸಿದ್ದರು. ಆ ಫಾಂಟ್ ಇದ್ದಾಗ ಮಾತ್ರ ಅದು 'ಕನ್ನಡ' ಅಂತ ಕಾಣುತ್ತೆ. ಒಳಗಿರೋದು ಯೂನಿಕೋಡ್ ಕನ್ನಡ ಅಕ್ಷರ ಅಲ್ಲ, ಲ್ಯಾಟಿನ್ ಚಿಹ್ನೆಗಳು. ಪುಟದ ಪಠ್ಯದಲ್ಲಿ ಹೀಗಾಗಿದ್ದರೆ ಮೊದಲ ದಿನವೇ ಯಾರಾದರೂ ಬೈದು ಹೇಳ್ತಿದ್ದರು. ಆಲ್ಟ್ ಕಣ್ಣಿಗೆ ಬೀಳಲ್ಲ, ಹಾಗಾಗಿ ಎರಡು ವರ್ಷ ಹಾಗೇ ಇತ್ತು. ಸ್ಕ್ರೀನ್ ರೀಡರ್‌ಗೂ ಅದು ಕನ್ನಡ ಅಲ್ಲ, 'ಕನ್ನಡ' ಅಂತ ಹುಡುಕುವವರಿಗೂ ಅಲ್ಲ. ಹಳೇ ಕಡತದಿಂದ ತಂದ ಪಠ್ಯವನ್ನ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಹಾಕಿ.

ಇದರ ಜೊತೆಗೆ ಪುಟದ ಭಾಷೆಯನ್ನೂ ಹೇಳಿ: `<html lang="kn">`. ಯಾವ ಭಾಷೆಯ ದನಿಯಲ್ಲಿ ಓದಬೇಕು ಅನ್ನೋದನ್ನ ಸ್ಕ್ರೀನ್ ರೀಡರ್ ಇದರಿಂದ ತಿಳಿಯುತ್ತೆ. ರೆಡಿಮೇಡ್ ಟೆಂಪ್ಲೇಟ್ ತಂದಾಗ ಅಲ್ಲಿ ಸಾಮಾನ್ಯವಾಗಿ `en` ಅಂತ ಇರುತ್ತೆ, ನಾವು ಬದಲಾಯಿಸೋದನ್ನ ಮರೀತೀವಿ.

ವರ್ಡ್‌ಪ್ರೆಸ್ ಬಳಸುವವರಿಗೆ

ವರ್ಡ್‌ಪ್ರೆಸ್‌ನ ಮೀಡಿಯಾ ಲೈಬ್ರರಿಯಲ್ಲಿ ಒಂದು ಚಿತ್ರಕ್ಕೆ ನಾಲ್ಕು ಪೆಟ್ಟಿಗೆ ಬರುತ್ತೆ: Alternative Text, Title, Caption, Description. ಇಲ್ಲಿನ Title ನೋಡಿ ಬಹಳ ಜನ ಮೋಸಹೋಗ್ತಾರೆ. ಅದು ಲೈಬ್ರರಿಯೊಳಗೆ ಆ ಕಡತವನ್ನ ಗುರುತಿಸುವ ಹೆಸರು. ಲೇಖನಕ್ಕೆ ಚಿತ್ರ ಸೇರಿಸಿದಾಗ ಅದು ತಾನಾಗಿ `title` ಆಗಿ ಹೋಗೋದಿಲ್ಲ. ತುಂಬಬೇಕಾದದ್ದು ಮೊದಲನೆಯದು, ಬೇಕಿದ್ದರೆ ಮೂರನೆಯದು.

ನಾವು ಎಡವಿದ ಇನ್ನೊಂದು ಜಾಗ: ತಪ್ಪು ಗೊತ್ತಾದ ಮೇಲೆ ಲೈಬ್ರರಿಗೆ ಹೋಗಿ ಎಲ್ಲ ಆಲ್ಟ್‌ಗಳನ್ನ ತಿದ್ದಿ, ಮುಗೀತು ಅಂದುಕೊಂಡ್ವಿ. ಪುಟದಲ್ಲಿ ಏನೂ ಬದಲಾಗಿರಲಿಲ್ಲ. ಚಿತ್ರವನ್ನ ಲೇಖನಕ್ಕೆ ಸೇರಿಸುವ ಹೊತ್ತಿಗೆ ಇದ್ದ ಆಲ್ಟ್ ಆ ಲೇಖನದೊಳಗೇ ಕಾಪಿಯಾಗಿ ಕೂತಿರುತ್ತೆ. ಆಮೇಲೆ ಲೈಬ್ರರಿಯಲ್ಲಿ ತಿದ್ದಿದರೆ ಹಳೇ ಲೇಖನಗಳಿಗೆ ಅದು ತಲುಪಲ್ಲ. ಪ್ರತಿ ಲೇಖನ ತೆರೆದು, ಆ ಚಿತ್ರವನ್ನ ಆರಿಸಿ, ಪಕ್ಕದ ಪಟ್ಟಿಯಲ್ಲಿ ತಿದ್ದಬೇಕು. ಅಷ್ಟೂ ಲೇಖನ ಮುಗಿಸೋಕೆ ನಮಗೆ ಒಂದು ಇಡೀ ಭಾನುವಾರ ಹಿಡೀತು.

ಪರೀಕ್ಷೆ ಹೇಗೆ

ಕ್ರೋಮ್‌ನಲ್ಲಿ ಪುಟ ತೆರೆದು, F12 ಒತ್ತಿ, ಕನ್ಸೋಲ್‌ನಲ್ಲಿ ಇದನ್ನ ಹಾಕಿ:

```js
document.querySelectorAll('img:not([alt])').length
```

ಆಲ್ಟ್ ಅನ್ನೇ ಬರೆಯದ ಚಿತ್ರಗಳು ಎಷ್ಟು ಅಂತ ಬರುತ್ತೆ. ಸೊನ್ನೆ ಬರಬೇಕು. ಒಂದೊಂದನ್ನೇ ನೋಡಬೇಕಾದರೆ Elements ಒಳಗಿನ Accessibility ಪಟ್ಟಿಯಲ್ಲಿ ಆ ಚಿತ್ರದ Name ಏನು, ಅದು `alt` ಇಂದ ಬಂತೋ `title` ಇಂದ ಬಂತೋ ಅನ್ನೋದು ಕಾಣುತ್ತೆ.

ಆದರೆ ಯಂತ್ರ ಹೇಳೋದು ಆಲ್ಟ್ ಇದೆಯೋ ಇಲ್ಲವೋ ಅಂತ ಮಾತ್ರ, ಸರಿಯಾಗಿದೆಯೋ ಇಲ್ಲವೋ ಅಂತ ಅಲ್ಲ. `alt="PÀ£ÀßqÀ"` ಇದ್ದ ಚಿತ್ರವೂ ಆ ಲೆಕ್ಕದಲ್ಲಿ ಪಾಸ್. ಅದಕ್ಕೆ ಕಿವಿಯೇ ಬೇಕು. ಆಂಡ್ರಾಯ್ಡ್ ಮೊಬೈಲ್ ಇದ್ದರೆ ಸೆಟ್ಟಿಂಗ್ಸ್‌ನ Accessibility ಒಳಗೆ TalkBack ಆನ್ ಮಾಡಿ, ನಿಮ್ಮ ಪುಟವನ್ನ ಕಣ್ಣುಮುಚ್ಚಿ ಒಮ್ಮೆ ಕೇಳಿ. ಆನ್ ಮಾಡಿದ ಮೇಲೆ ಒಂದು ಸಲ ಮುಟ್ಟಿದರೆ ಓದುತ್ತೆ, ಎರಡು ಸಲ ತಟ್ಟಿದರೆ ಒತ್ತಿದ ಹಾಗೆ. ಇದು ಗೊತ್ತಿಲ್ಲದೆ ನಮ್ಮಲ್ಲೊಬ್ಬ ಆಫ್ ಮಾಡೋಕೆ ಕಾಲು ಗಂಟೆ ಒದ್ದಾಡಿದ. ಅಷ್ಟೂ ಸಾಧ್ಯವಿಲ್ಲ ಅಂದ್ರೆ, ಫೋನಿನಲ್ಲಿ ಗೆಳೆಯನಿಗೆ ಪುಟ ಓದಿ ಹೇಳ್ತಿದೀರಿ ಅಂದುಕೊಳ್ಳಿ. ಚಿತ್ರ ಬಂದ ಜಾಗದಲ್ಲಿ ನೀವು ಏನು ಹೇಳ್ತೀರೋ ಅದೇ ಆಲ್ಟ್. ಏನೂ ಹೇಳದೆ ಮುಂದೆ ಹೋಗ್ತೀರಿ ಅಂದ್ರೆ ಖಾಲಿ ಆಲ್ಟ್. ಫೋಟೋ ಕೈಯಲ್ಲಿ ಹಿಡಿದವನೂ "ಇವರು ಯಾರು?" ಅಂತ ಕೇಳುವ ಹಾಗಿದ್ದರೆ, ಅದಕ್ಕೆ ಉತ್ತರ ಕ್ಯಾಪ್ಶನ್.

ರಾಜ್ಯೋತ್ಸವದ ದಿನ ಅವನು ಸರಿಯಾದ ಹೊತ್ತಿಗೆ ಬಂದ, ಆದರೆ ಅದು ನಾವು ಮೆಸ್ಸಿನಲ್ಲಿ ಬಾಯಿಮಾತಲ್ಲಿ ಹೇಳಿದ್ದರಿಂದ. ಯುಗಾದಿ ಕಾರ್ಯಕ್ರಮದ ಪುಟ ಹಾಕಿದ ರಾತ್ರಿ ಅವನಿಂದ ಮೆಸೇಜ್ ಬಂತು: "ಅಣ್ಣ, ಹತ್ತೂವರೆಗೆ ಅಂತ ಇದೆ, ಬರ್ತೀನಿ. ಆದ್ರೆ ಮೂರನೇ ಫೋಟೋದ ಆಲ್ಟ್‌ನಲ್ಲಿ 'ಬೇವು-ಬೆಲ್ಲ' ಬದಲು 'ಬೇವು-ಬೆಳ್ಳ' ಆಗಿದೆ ನೋಡಿ." ನೋಡಿದ್ವಿ. ಹೌದು. ತಿದ್ದಿದ್ವಿ, ಈ ಸಲ ಲೇಖನದೊಳಗೇ.